ಆಫ್ ಆಗಿದ್ದ ಫೋನಿಗೆ ಬಂದ ಮೆಸೇಜು

ಈ ಸಲ ನಮ್ಮ ಕನ್ನಡ ಸಂಘದಿಂದ ಮಾಡಿದ ಕಿರುಚಿತ್ರದಲ್ಲಿ ನಾಲ್ಕು ಸೆಕೆಂಡಿನ ಒಂದು ಶಾಟ್ ಇದೆ. ಹುಡುಗ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತಿರ್ತಾನೆ. ಕೈಯಲ್ಲಿರೋ ಫೋನು ಕತ್ತಲಾಗಿರುತ್ತೆ. ಇದ್ದಕ್ಕಿದ್ದಂತೆ ಸ್ಕ್ರೀನ್ ಬೆಳಗಿ ಅಪ್ಪನ ಮೆಸೇಜು ಬರುತ್ತೆ: "ಮನೆ ಮಾರಿ ಆಯ್ತು. ರಜಕ್ಕೆ ಸೀದಾ ಅಜ್ಜಿ ಊರಿಗೆ ಬಾ." ಅವನ ಹೆಬ್ಬೆರಳು ಮೆಸೇಜಿನ ಹತ್ತಿರ ಹೋಗಿ, ಮುಟ್ಟದೆ ವಾಪಸ್ ಬರುತ್ತೆ. ಅಷ್ಟೇ. ಆದರೆ ಕಥೆಯ ಮುಂದಿನ ಭಾಗವೆಲ್ಲ ನಿಂತಿರೋದು ಈ ನಾಲ್ಕು ಸೆಕೆಂಡಿನ ಮೇಲೆ.

ಮೊದಲ ಕಟ್ ಅನ್ನು ಹಾಸ್ಟೆಲ್‌ನಲ್ಲಿ ಹತ್ತು ಹದಿನೈದು ಜನರಿಗೆ ತೋರಿಸಿದ್ವಿ. ಎಲ್ಲ ಸುಮ್ಮನೆ ನೋಡ್ತಾ ಇದ್ರು. ಸರಿಯಾಗಿ ಈ ಶಾಟ್ ಬಂದಾಗ ನಗು ಬಂತು. ಯಾಕಂದ್ರೆ ಮೆಸೇಜು ಫೋನಿನ ಒಳಗೆ ಇದ್ದ ಹಾಗೆ ಕಾಣಲೇ ಇಲ್ಲ. ಫೋನಿನ ಮೇಲೆ ಸ್ಟಿಕರ್ ಅಂಟಿಸಿ, ಅದು ಜಾರುತ್ತಾ ಇದ್ದ ಹಾಗೆ ಕಾಣಿಸ್ತು. ಆ ಶಾಟ್‌ನ ಎಫೆಕ್ಟ್ ಮಾಡಿದ್ದು ನಾನೇ. ಆಮೇಲೆ ಅದನ್ನು ಮತ್ತೆ ಶೂಟ್ ಮಾಡಿ, ಮತ್ತೆ ಕಾಂಪೋಸಿಟ್ ಮಾಡಿದ್ವಿ. ಎರಡು ಸಲದ ನಡುವೆ ಏನು ಬದಲಾಯಿತು ಅನ್ನೋದನ್ನ ಇಲ್ಲಿ ಬರೀತಿದ್ದೀನಿ.

ನಿಜವಾದ ಸ್ಕ್ರೀನನ್ನೇ ಯಾಕೆ ಶೂಟ್ ಮಾಡಬಾರದು?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಸ್ಕ್ರೀನ್ ಮೇಲಿರೋದು ಬದಲಾಗದೆ ಒಂದೇ ಚಿತ್ರ ಆಗಿದ್ರೆ, ಆ ಚಿತ್ರವನ್ನ ಫೋನಿನಲ್ಲೇ ತೆರೆದು, ಬ್ರೈಟ್‌ನೆಸ್ ಕಡಿಮೆ ಮಾಡಿ ಶೂಟ್ ಮಾಡಿ. ಎಫೆಕ್ಟ್ ಬೇಕಾಗಿಲ್ಲ. ನಮಗೆ ತೊಂದರೆ ಆಗಿದ್ದು ಮೂರು ಕಡೆ. ಮೆಸೇಜು ನಟ ಉಸಿರು ಬಿಟ್ಟ ಕ್ಷಣಕ್ಕೇ ಬರಬೇಕಿತ್ತು. ಇನ್ನೊಂದು ಫೋನಿನಿಂದ ಕಳಿಸಿದ್ರೆ ಒಮ್ಮೆ ಬೇಗ, ಒಮ್ಮೆ ತಡ. ಕೆಲವು ಟೇಕ್‌ಗಳಲ್ಲಿ ಸ್ಕ್ರೀನ್ ಮೇಲೆ ಕಪ್ಪು ಪಟ್ಟಿಗಳು ಹರಿದಾಡಿದವು, ಕ್ಯಾಮೆರಾದ ಶಟರ್‌ಗೂ ಫೋನ್ ಸ್ಕ್ರೀನ್ ಮಿನುಗೋ ವೇಗಕ್ಕೂ ಹೊಂದಾಣಿಕೆ ಆಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮೆಸೇಜಿನ ಮಾತು ಏನಿರಬೇಕು ಅಂತ ಡೈರೆಕ್ಟರ್ ಎಡಿಟಿಂಗ್ ಮುಗಿಯೋವರೆಗೂ ಬದಲಾಯಿಸ್ತಾನೇ ಇದ್ದ. ಹಾಗಾಗಿ ಸ್ಕ್ರೀನನ್ನ ಆಮೇಲೆ ಕೂರಿಸೋಣ ಅಂತ ತೀರ್ಮಾನ ಆಯ್ತು.

ಮೊದಲ ಸಲ: ಹಸಿರು ಸ್ಕ್ರೀನ್

ಎಲ್ಲರೂ ಮಾಡೋದನ್ನೇ ನಾವೂ ಮಾಡಿದ್ವಿ. ಫೋನಿನಲ್ಲಿ ಪೂರ್ತಿ ಹಸಿರು ಚಿತ್ರ ತೆರೆದು, ಮೂಲೆಗಳಲ್ಲಿ ನಾಲ್ಕು ಕೂಡುವ ಚಿಹ್ನೆ ಹಾಕಿ, ಬ್ರೈಟ್‌ನೆಸ್ ಪೂರ್ತಿ ಏರಿಸಿದ್ವಿ. ಆಮೇಲೆ ಹಸಿರು ಇದ್ದ ಜಾಗವನ್ನೆಲ್ಲ ತೆಗೆದು ಮೆಸೇಜಿನ ಚಿತ್ರ ಇಟ್ಟಿದ್ದು.

ಫಲಿತಾಂಶವನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದಾಗ ತಪ್ಪು ಗೊತ್ತಾಯ್ತು. ಹೆಬ್ಬೆರಳಿನ ಅಂಚಿನಲ್ಲಿ ಹಸಿರು ಬೆಳಕು ಬಿದ್ದಿತ್ತು, ಅದನ್ನ ತೆಗೆಯೋಕೆ ಹೋದ್ರೆ ಚರ್ಮ ಬೂದಿ ಬಣ್ಣಕ್ಕೆ ತಿರುಗ್ತಿತ್ತು. ಫೋನಿನ ಗಾಜಿನಲ್ಲಿ ಮೇಲಿನ ಬಲ್ಬಿನ ಮಸುಕು ಪ್ರತಿಬಿಂಬ ಇರಬೇಕಿತ್ತು. ಹಸಿರಿನ ಜೊತೆಗೆ ಅದೂ ಹೋಯ್ತು. ಗಾಜು ಹೋಗಿ ಕಾಗದ ಆಯ್ತು ಅನ್ನಿ. ಇನ್ನು, ಫೋನು ಕತ್ತಲಾಗಿದ್ದು ಆಮೇಲೆ ಬೆಳಗೋ ಕ್ಷಣ? ಫೋನು ಇಡೀ ಶಾಟ್‌ನಲ್ಲಿ ಹಸಿರಾಗಿ ಉರೀತಾ ಇದ್ದಿದ್ರಿಂದ ಕತ್ತಲ ಗಾಜನ್ನ ನಾನೇ ಕಪ್ಪು ಬಣ್ಣ ತುಂಬಿ ತಯಾರು ಮಾಡಬೇಕಾಯ್ತು. ಅದು ಗುಂಡಿ ತರ ಕಾಣಿಸ್ತು.

ತಲೆ ಕೆರ್ಕೊಂಡು ಕೂತಾಗ ಹೊಳೆದದ್ದು ತುಂಬಾ ಸಣ್ಣ ವಿಷಯ. ಫೋನು ಆನ್ ಆದಾಗ ನಿಜವಾಗಿ ಏನಾಗುತ್ತೆ? ಗಾಜಿನ ಮೇಲಿನ ಪ್ರತಿಬಿಂಬ, ಧೂಳು, ಬೆರಳಚ್ಚು ಯಾವುದೂ ಎಲ್ಲೂ ಹೋಗಲ್ಲ. ಅದರ ಜೊತೆಗೆ ಸ್ಕ್ರೀನಿನ ಬೆಳಕು ಸೇರಿಕೊಳ್ಳುತ್ತೆ, ಅಷ್ಟೇ. ಕ್ಯಾಮೆರಾಗೆ ಬರೋದು ಎರಡರ ಮೊತ್ತ. ನಾನು ಮಾಡಿದ್ದು ಒಂದನ್ನ ಕಿತ್ತುಹಾಕಿ ಇನ್ನೊಂದನ್ನ ಅಂಟಿಸೋದು. ಮಾಡಬೇಕಾಗಿದ್ದು ಕೂಡಿಸೋದು. ಕೂಡಿಸಬೇಕು ಅಂದ್ರೆ ಶೂಟ್ ಮಾಡುವಾಗ ಫೋನು ಆಫ್ ಆಗಿರಬೇಕು.

ಎರಡನೇ ಸಲ: ಆಫ್ ಫೋನು, ಐದು ಚುಕ್ಕೆ

ಫೋನು ಆಫ್ ಇದ್ರೆ ಹೊಸ ಸಮಸ್ಯೆ: ಕಪ್ಪು ಗಾಜಿನಲ್ಲಿ ಟ್ರ್ಯಾಕ್ ಮಾಡೋಕೆ ಏನೂ ಇರಲ್ಲ. ಟ್ರ್ಯಾಕಿಂಗ್ ಅಂದ್ರೆ ಸಾಫ್ಟ್‌ವೇರ್ ಒಂದು ಸಣ್ಣ ಚೌಕದೊಳಗಿನ ಚಿತ್ರವನ್ನ ನೆನಪಿಟ್ಟುಕೊಂಡು, ಮುಂದಿನ ಫ್ರೇಮ್‌ನಲ್ಲಿ ಅದೇ ತರ ಕಾಣೋ ಜಾಗವನ್ನ ಅಕ್ಕಪಕ್ಕ ಹುಡುಕೋದು. ಬರೀ ಕಪ್ಪಿನಲ್ಲಿ ಎಲ್ಲ ಜಾಗವೂ ಒಂದೇ ತರ. ಇನ್ನೂ ಮೋಸದ್ದು ಪ್ರತಿಬಿಂಬ. ಅದರ ಮೇಲೆ ಟ್ರ್ಯಾಕ್ ಇಟ್ರೆ ಚೆನ್ನಾಗಿ ಅಂಟಿಕೊಂಡ ಹಾಗೆ ಕಾಣುತ್ತೆ, ಆದರೆ ಫೋನು ವಾಲಿದಾಗ ಪ್ರತಿಬಿಂಬ ತನ್ನ ಪಾಡಿಗೆ ಗಾಜಿನ ಮೇಲೆ ಸರಿಯುತ್ತೆ.

ಅದಕ್ಕೆ ಒಬ್ಬ ಸೀನಿಯರ್ ಹತ್ತಿರ ಇದ್ದ ಹಳೇ ಫೋನ್ ತಗೊಂಡ್ವಿ. ಅದರ ಸ್ಕ್ರೀನಿನ ಮೇಲೆ, ಕೆಳಗೆ ಅಗಲವಾದ ಕಪ್ಪು ಪಟ್ಟಿ ಇದೆ. ಆ ಪಟ್ಟಿಗಳ ಮೇಲೆ ಸುಮಾರು 2 ಮಿ.ಮೀ. ಅಗಲದ ಬಿಳಿ ಕಾಗದದ ಚುಕ್ಕೆಗಳನ್ನ ಅಂಟಿಸಿದ್ವಿ. ನಮ್ಮ ಫ್ರೇಮ್‌ನಲ್ಲಿ 150 ಮಿ.ಮೀ. ಉದ್ದದ ಫೋನು ಸುಮಾರು 600 ಪಿಕ್ಸೆಲ್ ಎತ್ತರಕ್ಕೆ ಕಾಣ್ತಿತ್ತು. ಅಂದ್ರೆ ಒಂದು ಮಿ.ಮೀ.ಗೆ 4 ಪಿಕ್ಸೆಲ್, ಒಂದು ಚುಕ್ಕೆ 8 ಪಿಕ್ಸೆಲ್. ಟ್ರ್ಯಾಕರ್‌ಗೆ ಅಷ್ಟು ಸಾಕು.

ಎಷ್ಟು ಚುಕ್ಕೆ, ಎಲ್ಲೆಲ್ಲಿ? ಇಲ್ಲಿ ಎಂ-ಒನ್ ಪೇಪರ್‌ನ ಮ್ಯಾಟ್ರಿಕ್ಸ್ ಕೆಲಸಕ್ಕೆ ಬಂತು. ಸಮತಟ್ಟಾದ ಒಂದು ವಸ್ತು ಒಂದು ಫ್ರೇಮ್‌ನಲ್ಲಿ ಹೇಗಿತ್ತೋ ಅದನ್ನ ಇನ್ನೊಂದು ಫ್ರೇಮ್‌ಗೆ ಒಯ್ಯೋ ಲೆಕ್ಕ ಹೀಗಿದೆ:

```
x' = (a*x + b*y + c) / (g*x + h*y + 1)
y' = (d*x + e*y + f) / (g*x + h*y + 1)
```

ಗೊತ್ತಿಲ್ಲದ ಸಂಖ್ಯೆಗಳು ಎಂಟು. ಒಂದು ಚುಕ್ಕೆ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಗೊತ್ತಾದ್ರೆ ಎರಡು ಸಮೀಕರಣ ಸಿಗುತ್ತೆ. ಹಾಗಾಗಿ ಪ್ರತಿ ಫ್ರೇಮ್‌ನಲ್ಲೂ ಕನಿಷ್ಠ ನಾಲ್ಕು ಚುಕ್ಕೆ ಕಾಣಲೇಬೇಕು. ಕೆಳಗಿನ `g`, `h` ಇರೋದ್ರಿಂದಲೇ ಫೋನಿನ ದೂರದ ಅಂಚು ಚಿಕ್ಕದಾಗಿ, ಹತ್ತಿರದ ಅಂಚು ದೊಡ್ಡದಾಗಿ ಕಾಣೋದು. ಒಂದೋ ಎರಡೋ ಚುಕ್ಕೆ ಟ್ರ್ಯಾಕ್ ಮಾಡಿ ಚಿತ್ರವನ್ನ ಬರೀ ಸರಿಸಿ, ತಿರುಗಿಸಿದ್ರೆ ಈ ವಾಲುವಿಕೆ ಬರಲ್ಲ.

ನಮ್ಮ ಮೊದಲ ಪ್ಲ್ಯಾನ್ ಮೇಲೆ ಮೂರು, ಕೆಳಗೆ ಎರಡು ಅಂತ ಇತ್ತು. ಹೆಬ್ಬೆರಳು ಕೆಳಗಿನ ಬಲಮೂಲೆಯ ಚುಕ್ಕೆಯನ್ನ ಮುಚ್ಚಿದ್ರೂ ನಾಲ್ಕು ಉಳಿಯುತ್ತಲ್ಲ ಅಂತ ಲೆಕ್ಕ. ಆದರೆ ಉಳಿದ ನಾಲ್ಕರಲ್ಲಿ ಮೂರು ಒಂದೇ ಗೆರೆ ಮೇಲೆ ಇರುತ್ತೆ. ಹಾಗಿದ್ದಾಗ ಎಂಟು ಸಮೀಕರಣ ಇದ್ದ ಹಾಗೆ ಕಂಡ್ರೂ ಅವು ಒಂದಕ್ಕೊಂದು ಸ್ವತಂತ್ರವಾಗಿರಲ್ಲ, ಉತ್ತರ ಒಂದೇ ಬರಲ್ಲ. ಬೆರಳು ಬಂದ ತಕ್ಷಣ ಪ್ಲೇನ್ ಎಲ್ಲೆಲ್ಲೋ ಹಾರುತ್ತೆ. ಅದಕ್ಕೆ ಉಲ್ಟಾ ಮಾಡಿದ್ವಿ: ಮೇಲೆ ಎರಡು ಮೂಲೆಯಲ್ಲಿ ಎರಡು, ಕೆಳಗೆ ಎಡ, ನಡು, ಬಲ ಅಂತ ಮೂರು. ಈಗ ಬಲಗಡೆಯದು ಮುಚ್ಚಿಹೋದ್ರೂ ಮೇಲೆ ಎರಡು, ಕೆಳಗೆ ಎರಡು ಉಳಿಯುತ್ತೆ, ಯಾವ ಮೂರೂ ಒಂದೇ ಗೆರೆಯಲ್ಲಿಲ್ಲ. ಬೆರಳು ಎಲ್ಲಿ ಬರುತ್ತೆ ಅಂತ ಮೊದಲೇ ಯೋಚಿಸಿ, ಆ ಕಡೆಗೇ ಒಂದು ಚುಕ್ಕೆ ಹೆಚ್ಚಿಗೆ ಇಡಬೇಕು ಅನ್ನೋದು ಇದರ ಸಾರ.

ಟೇಕ್ ಶುರುವಿನ ಒಂದು ಸೆಕೆಂಡ್

ಇನ್ನೊಂದು ತೊಡಕು. ಫೋನು ಆಫ್ ಇದ್ದಾಗ ಪಟ್ಟಿ ಎಲ್ಲಿ ಮುಗೀತು, ಡಿಸ್‌ಪ್ಲೇ ಎಲ್ಲಿ ಶುರುವಾಯ್ತು ಅಂತ ಗೊತ್ತೇ ಆಗಲ್ಲ, ಎರಡೂ ಕಪ್ಪು. ಅಂದಾಜಿನಲ್ಲಿ ಮೂಲೆ ಇಟ್ರೆ ಮೆಸೇಜು ಪಟ್ಟಿಯ ಮೇಲಕ್ಕೆ ಚೆಲ್ಲುತ್ತೆ.

ಇದಕ್ಕೆ ನಾವು ಮಾಡಿದ್ದು: ಕ್ಯಾಮೆರಾ ಓಡ್ತಾ ಇರುವಾಗ ನಟ ಮೊದಲ ಒಂದು ಸೆಕೆಂಡ್ ಪೂರ್ತಿ ಬಿಳಿ ಚಿತ್ರ ತೆರೆದಿಟ್ಟ ಫೋನನ್ನ ಹಿಡಿದಿರ್ತಾನೆ, ಆಮೇಲೆ ಬದಿಯ ಬಟನ್ ಒತ್ತಿ ಆಫ್ ಮಾಡ್ತಾನೆ, ಒಂದು ಸೆಕೆಂಡ್ ಬಿಟ್ಟು ನಟನೆ ಶುರು. ಚುಕ್ಕೆಗಳು ಡಿಸ್‌ಪ್ಲೇಯ ಹೊರಗೆ ಇರೋದ್ರಿಂದ ಆನ್‌ನಿಂದ ಆಫ್‌ವರೆಗೂ ಟ್ರ್ಯಾಕ್ ಕಡಿಯದೆ ಸಾಗುತ್ತೆ. ಆನ್ ಇದ್ದ ಫ್ರೇಮ್‌ನಲ್ಲಿ ಡಿಸ್‌ಪ್ಲೇಯ ಮೂಲೆಗಳು ನಿಚ್ಚಳವಾಗಿ ಕಾಣುತ್ತವೆ. ಎಡಿಟ್‌ನಲ್ಲಿ ಈ ಭಾಗ ಕತ್ತರಿಸಿ ಎಸೆಯೋದು. ಇದೇ ಒಂದು ಸೆಕೆಂಡ್ ಆಮೇಲೆ ಬಣ್ಣ ಕೂಡಿಸೋವಾಗ ಇನ್ನೊಂದು ಉಪಕಾರವನ್ನೂ ಮಾಡ್ತು, ಅದನ್ನ ಮುಂದೆ ಹೇಳ್ತೀನಿ.

ನಾವು ಶೂಟ್ ಮಾಡಿದ್ದೂ ಒಂದು ಫೋನಿನಲ್ಲೇ, 30 ಫ್ರೇಮ್‌ನಲ್ಲಿ. ಪ್ರೋ ಮೋಡ್‌ನಲ್ಲಿ ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಲಾಕ್ ಮಾಡಿದ್ವಿ, ಇಲ್ಲಾಂದ್ರೆ ಸ್ಕ್ರೀನ್ ಆಫ್ ಆದ ಕ್ಷಣ ಕ್ಯಾಮೆರಾ ಇಡೀ ಚಿತ್ರವನ್ನ ತಾನಾಗೇ ಬೆಳಗಿಸಿಬಿಡುತ್ತೆ. ಶಟರ್ 1/50 ಇಟ್ಟಿದ್ವಿ. ನಮ್ಮ ಕರೆಂಟು 50 ಹರ್ಟ್ಸ್, ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/50ರಲ್ಲಿ ಎರಡು ಪೂರ್ತಿ ಮಿನುಗು ಸಿಗೋದ್ರಿಂದ ಎಲ್ಲ ಫ್ರೇಮ್‌ಗೂ ಒಂದೇ ಬೆಳಕು. ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಆಫ್ ಮಾಡಿದ್ವಿ. ಅದು ಚಿತ್ರವನ್ನ ಫ್ರೇಮ್‌ನಿಂದ ಫ್ರೇಮ್‌ಗೆ ತನಗೆ ಬೇಕಾದ ಹಾಗೆ ಬಗ್ಗಿಸುತ್ತೆ, ಆಗ ನೇರ ಇದ್ದ ಫೋನಿನ ಅಂಚು ನೇರವಾಗಿ ಉಳಿಯಲ್ಲ, ಮೇಲಿನ ಲೆಕ್ಕವೂ ಕೂರಲ್ಲ.

ಟ್ರ್ಯಾಕಿಂಗ್

ಫೋನಿನ ವಿಡಿಯೋದಲ್ಲಿ ಫ್ರೇಮ್‌ಗಳ ನಡುವಿನ ಅಂತರ ಸಮ ಇರಲ್ಲ, ಒಂದೊಂದ್ಸಲ ಸ್ವಲ್ಪ ಹೆಚ್ಚು, ಒಂದೊಂದ್ಸಲ ಕಡಿಮೆ. ನೇರವಾಗಿ ತೆರೆದ್ರೆ ಒಂದು ಕಡೆ ಟ್ರ್ಯಾಕ್ ಮಾಡಿದ ಫ್ರೇಮು ಇನ್ನೊಂದು ಕಡೆ ರೆಂಡರ್ ಆಗೋ ಫ್ರೇಮಿಗೆ ಹೊಂದದೆ ಹೋಗಬಹುದು. ಅದಕ್ಕೆ `plate` ಅಂತ ಒಂದು ಫೋಲ್ಡರ್ ಮಾಡಿಕೊಂಡು ಮೊದಲು ಎಲ್ಲವನ್ನೂ ಬಿಡಿ ಚಿತ್ರಗಳನ್ನಾಗಿ ಮಾಡಿಕೊಂಡ್ವಿ:

```
ffmpeg -i shot.mp4 -vf fps=30 plate/p_%04d.png
```

ಎಲ್ಲ ಸೇರಿ 180 ಚಿತ್ರ ಬಂತು: 30 ಆನ್ ಇರೋದು, 30 ಖಾಲಿ, 120 ನಿಜವಾದ ಶಾಟ್. ನಾವು ಬಳಸಿದ್ದು ಬ್ಲೆಂಡರ್, ಉಚಿತವಾಗಿ ಸಿಗೋದು. `Movie Clip Editor`ನಲ್ಲಿ ಚಿತ್ರಗಳನ್ನ ತೆರೆದು, `Ctrl` ಹಿಡಿದು ಪ್ರತಿ ಚುಕ್ಕೆಯ ಮೇಲೆ ಕ್ಲಿಕ್ ಮಾಡಿದ್ರೆ ಮಾರ್ಕರ್ ಕೂರುತ್ತೆ. `Ctrl T` ಒತ್ತಿದ್ರೆ ಮುಂದಕ್ಕೆ ಟ್ರ್ಯಾಕ್ ಆಗುತ್ತೆ.

ಇಲ್ಲಿ `Match` ಅನ್ನೋ ಒಂದು ಆಯ್ಕೆ ಮುಖ್ಯ. `Previous Frame` ಇಟ್ರೆ ಪ್ರತಿ ಫ್ರೇಮನ್ನೂ ಅದರ ಹಿಂದಿನದಕ್ಕೆ ಹೋಲಿಸುತ್ತೆ. ಟ್ರ್ಯಾಕ್ ಸುಲಭವಾಗಿ ಕಡಿಯಲ್ಲ, ಆದರೆ ಪ್ರತಿ ಸಲ ಆಗೋ ಸಣ್ಣ ತಪ್ಪು ಮುಂದಿನದಕ್ಕೆ ಸೇರಿ ಸೇರಿ ಮಾರ್ಕರ್ ನಿಧಾನಕ್ಕೆ ಜಾರುತ್ತೆ. ಮೊದಲ ಸಲ ನಮ್ಮ ಮೆಸೇಜು ಜಾರಿದ್ದು ಹೀಗೇ, ಶಾಟ್ ಮುಗಿಯೋ ಹೊತ್ತಿಗೆ ಮೂರು ಪಿಕ್ಸೆಲ್. `Keyframe` ಇಟ್ರೆ ನೀವು ಮಾರ್ಕರ್ ಇಟ್ಟ ಫ್ರೇಮ್‌ಗೇ ಹೋಲಿಸುತ್ತೆ. ಜಾರಲ್ಲ, ಆದರೆ ಚುಕ್ಕೆ ತುಂಬಾ ಬದಲಾದ್ರೆ ಅಲ್ಲೇ ನಿಂತುಬಿಡುತ್ತೆ. ನಿಂತ ಕಡೆ ಮಾರ್ಕರನ್ನ ಕೈಯಿಂದ ಸರಿಯಾಗಿ ಕೂರಿಸಿ ಮುಂದುವರಿಸಬಹುದು. ನಿಲ್ಲೋ ಟ್ರ್ಯಾಕೇ ವಾಸಿ, ಯಾಕಂದ್ರೆ ತಪ್ಪು ಎಲ್ಲಾಯ್ತು ಅಂತ ಅದು ಹೇಳುತ್ತೆ. ಜಾರೋ ಟ್ರ್ಯಾಕ್ ಏನೂ ಹೇಳಲ್ಲ.

ಕೆಳಗಿನ ಬಲ ಚುಕ್ಕೆ ಸುಮಾರು 20 ಫ್ರೇಮ್ ಹೆಬ್ಬೆರಳಿನ ಕೆಳಗೆ ಹೋಗುತ್ತೆ. ಅಷ್ಟು ಫ್ರೇಮ್‌ಗಳಲ್ಲಿ ಆ ಮಾರ್ಕರನ್ನ ನಿಷ್ಕ್ರಿಯ ಮಾಡಿ, ಬೆರಳು ಸರಿದ ಮೇಲೆ ಮತ್ತೆ ಶುರು ಮಾಡಿದೆ. ಬೆರಳಿನ ಅಂಚಿಗೆ ಅಂಟಿಕೊಂಡ ಮಾರ್ಕರನ್ನ ಹಾಗೇ ಬಿಟ್ರೆ ಅದು ಉಳಿದ ನಾಲ್ಕನ್ನೂ ಎಳೆದಾಡುತ್ತೆ.

ಆಮೇಲೆ ಐದನ್ನೂ ಆರಿಸಿ `Create Plane Track`. ಒಂದು ಚೌಕ ಬರುತ್ತೆ. ಸ್ಕ್ರೀನ್ ಆನ್ ಇದ್ದ ಫ್ರೇಮ್‌ಗೆ ಹೋಗಿ, ಅದರ ನಾಲ್ಕು ಮೂಲೆಗಳನ್ನ ಬೆಳಗುತ್ತಿರೋ ಡಿಸ್‌ಪ್ಲೇಯ ನಾಲ್ಕು ಮೂಲೆಗೆ ಎಳೆದು ಕೂರಿಸಿದೆ. ಉಳಿದ ಫ್ರೇಮ್‌ಗಳಿಗೆ ಲೆಕ್ಕ ಅದೇ ಮಾಡಿಕೊಳ್ಳುತ್ತೆ.

ಟ್ರ್ಯಾಕ್ ಸರಿ ಇದೆಯಾ ಅಂತ ನೋಡೋಕೆ ಮೆಸೇಜಿನ ಚಿತ್ರ ಹಾಕಬೇಡಿ. ಅಕ್ಷರ ಓದೋಕೆ ಹೋಗಿ ಅಂಚು ಕಣ್ಣಿಗೆ ಬೀಳಲ್ಲ. ಚದುರಂಗದ ಮಣೆಯಂಥ ಕಪ್ಪು ಬಿಳಿ ಚೌಕಗಳ ಚಿತ್ರ ಹಾಕಿ, ನೂರು ಪರ್ಸೆಂಟ್ ಗಾತ್ರದಲ್ಲಿ, ಚೌಕದ ಅಂಚಿಗೂ ಫೋನಿನ ಅಂಚಿಗೂ ನಡುವಿನ ಸಂದು ಮಾತ್ರ ನೋಡ್ತಾ ಪ್ಲೇ ಮಾಡಿ. ಆ ಸಂದು ಅಗಲ ಆಗ್ತಾ ಹೋದ್ರೆ ಜಾರಿಕೆ. ನಡುಗಿದ್ರೆ ಯಾವುದೋ ಒಂದು ಮಾರ್ಕರ್ ಅಲುಗ್ತಿದೆ. ಒಂದೇ ಫ್ರೇಮ್‌ನಲ್ಲಿ ನೆಗೆದ್ರೆ ಆ ಫ್ರೇಮ್‌ನಲ್ಲಿ ಒಂದು ಮಾರ್ಕರ್ ಬೇರೆ ಏನನ್ನೋ ಹಿಡಿದಿದೆ. ನಮ್ಮದರಲ್ಲಿ ಬೆರಳು ಬಂದ 20 ಫ್ರೇಮ್‌ನಲ್ಲಿ ಕೆಳಗಿನ ಬಲಮೂಲೆ ಒಂದು ಪಿಕ್ಸೆಲ್‌ನಷ್ಟು ನಡುಗ್ತಿತ್ತು. ಆ ಕಡೆ ಹಿಡಿದುಕೊಳ್ಳೋಕೆ ಚುಕ್ಕೆ ಇಲ್ಲವಲ್ಲ. ಆದರೆ ಆ ಮೂಲೆ ಬೆರಳಿನ ಕೆಳಗೇ ಇರೋದ್ರಿಂದ ಬಿಟ್ವಿ.

ಕೂಡಿಸೋದು

ಈಗ ಮುಖ್ಯ ಕೆಲಸ. ಕಾಂಪೋಸಿಟರ್‌ನಲ್ಲಿ `Plane Track Deform` ಅನ್ನೋ ನೋಡ್ ಇದೆ. ಅದಕ್ಕೆ 1080×1920ರ ಮೆಸೇಜಿನ ಚಿತ್ರ ಕೊಟ್ರೆ, ಟ್ರ್ಯಾಕ್ ಆದ ಚೌಕಕ್ಕೆ ತಕ್ಕ ಹಾಗೆ ಬಗ್ಗಿಸಿ ಕೊಡುತ್ತೆ. ಅದನ್ನ ಶೂಟ್ ಮಾಡಿದ ಚಿತ್ರದ ಜೊತೆ `Add` ಮಾಡೋದು. ಇಡೀ ಎಫೆಕ್ಟ್‌ನ ಲೆಕ್ಕ ಒಂದು ಸಾಲು:

```
O = P + k * M * S
```

`P` ಅಂದ್ರೆ ಆಫ್ ಫೋನಿನ ಚಿತ್ರ, `S` ಬಗ್ಗಿಸಿದ ಮೆಸೇಜು, `M` ಬೆರಳಿನ ಮಾಸ್ಕ್, `k` ಸ್ಕ್ರೀನಿನ ಬೆಳಕು. ಬೆರಳು ಇರೋ ಕಡೆ `M` ಸೊನ್ನೆ, ಉಳಿದ ಕಡೆ ಒಂದು.

ಈ ಕೂಡಿಕೆ ನಿಜವಾದ ಬೆಳಕಿನ ಅಳತೆಯಲ್ಲಿ ಆಗಬೇಕು, ಫೈಲಿನಲ್ಲಿರೋ ಸಂಖ್ಯೆಗಳಲ್ಲಿ ಅಲ್ಲ. ಫೈಲಿನ ಸಂಖ್ಯೆಗಳಿಗೆ ಗಾಮಾ ಹಚ್ಚಿರುತ್ತೆ. ಒಂದು ಉದಾಹರಣೆ ನೋಡಿ. ಪ್ರತಿಬಿಂಬ ಫೈಲಿನಲ್ಲಿ 0.3, ಮೆಸೇಜಿನ ಬೂದು ಬಣ್ಣ 0.5 ಅಂತ ಇಟ್ಕೊಳ್ಳಿ. ನೇರ ಕೂಡಿಸಿದ್ರೆ 0.8, ಅಂದ್ರೆ ಹೆಚ್ಚುಕಮ್ಮಿ ಬಿಳಿ. ಆದರೆ ಬೆಳಕಿನ ಅಳತೆಯಲ್ಲಿ ಇವು 0.073 ಮತ್ತು 0.214. ಕೂಡಿದ್ರೆ 0.287, ಅದನ್ನ ಮತ್ತೆ ಗಾಮಾಕ್ಕೆ ತಿರುಗಿಸಿದ್ರೆ ಬರೀ 0.57. ತಪ್ಪು ರೀತಿಯಲ್ಲಿ ಕೂಡಿಸಿದ್ರೆ ಪ್ರತಿಬಿಂಬ ಬಿದ್ದ ಕಡೆಯೆಲ್ಲ ಮೆಸೇಜು ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಳ್ಳುತ್ತೆ. ಬ್ಲೆಂಡರ್ ಕಾಂಪೋಸಿಟರ್ ತಾನಾಗೇ ಬೆಳಕಿನ ಅಳತೆಯಲ್ಲೇ ಲೆಕ್ಕ ಮಾಡುತ್ತೆ. ಬೇರೆ ಸಾಫ್ಟ್‌ವೇರ್ ಆದ್ರೆ ಈ ಆಯ್ಕೆ ಎಲ್ಲಿದೆ ಅಂತ ಹುಡುಕಿ ಆನ್ ಮಾಡಬೇಕಾಗಬಹುದು. ಬ್ಲೆಂಡರ್‌ನಲ್ಲಿ ನೀವು ಬದಲಾಯಿಸಬೇಕಾದ್ದು `View Transform`. ಹೊಸ ಆವೃತ್ತಿಗಳಲ್ಲಿ ಅದು `AgX` ಇರುತ್ತೆ. `Standard` ಮಾಡಿಕೊಳ್ಳದಿದ್ರೆ ಶೂಟ್ ಮಾಡಿದ ಚಿತ್ರವೇ ಸಪ್ಪೆಯಾಗಿ ಹೊರಬರುತ್ತೆ.

ಸ್ಕ್ರೀನ್ ಎಷ್ಟು ಬೆಳಗಬೇಕು, ಯಾವ ಬಣ್ಣ? ಟೇಕ್ ಶುರುವಿನ ಒಂದು ಸೆಕೆಂಡ್ ಎರಡನೇ ಸಲ ಉಪಯೋಗಕ್ಕೆ ಬಂದಿದ್ದು ಇಲ್ಲಿ. ಆ ಫ್ರೇಮ್‌ನಲ್ಲಿ ಇರೋದು ನಿಜವಾದ ಫೋನಿನ ನಿಜವಾದ ಬಿಳಿ, ಅದೇ ಜಾಗದಲ್ಲಿ, ಅದೇ ಕ್ಯಾಮೆರಾದಲ್ಲಿ. ಮೆಟ್ಟಿಲ ಹತ್ತಿರ ಹಳದಿ ಬಲ್ಬಿತ್ತು, ಕ್ಯಾಮೆರಾ ಆ ಬಲ್ಬಿಗೆ ಹೊಂದಿಸಿತ್ತು, ಹಾಗಾಗಿ ಫೋನಿನ ಬಿಳಿ ಬಿಳಿಯಾಗಿರದೆ ನೀಲಿಗೆ ತಿರುಗಿತ್ತು. ಅಳೆದಾಗ ಕೆಂಪು 0.62, ಹಸಿರು 0.74, ನೀಲಿ 0.95 ಬಂತು. ಮೆಸೇಜಿನ ಚಿತ್ರವನ್ನ ಈ ಮೂರು ಸಂಖ್ಯೆಯಿಂದ ಗುಣಿಸಿದೆ, ಮುಗೀತು. ಮೊದಲ ಸಲ ಅರ್ಧ ರಾತ್ರಿ ಕಣ್ಣಂದಾಜಿನಲ್ಲಿ ತಿರುಗಿಸಿದ ಕೆಲಸ ಇದು. ಒಂದು ಎಚ್ಚರ: ಆ ಬಿಳಿ ಕ್ಯಾಮೆರಾದಲ್ಲಿ ಪೂರ್ತಿ ಸುಟ್ಟುಹೋಗಿ ಮೂರೂ 1 ಆಗಿದ್ರೆ ಅಳತೆಗೆ ಅರ್ಥ ಇಲ್ಲ. ಶೂಟ್ ಮಾಡುವಾಗಲೇ ಫೋನಿನ ಬ್ರೈಟ್‌ನೆಸ್ ಇಳಿಸಿಕೊಂಡಿರಬೇಕು.

ಫೋನು ಬೆಳಗೋ ಕ್ಷಣ ಈಗ ತುಂಬಾ ಸುಲಭ. `k` ಸೊನ್ನೆ ಇದ್ದಾಗ ಉಳಿಯೋದು `P` ಮಾತ್ರ, ಅಂದ್ರೆ ನಾವು ಶೂಟ್ ಮಾಡಿದ ನಿಜವಾದ ಕತ್ತಲ ಗಾಜು. `k` ಅನ್ನ ಆರು ಫ್ರೇಮ್‌ನಲ್ಲಿ ಸೊನ್ನೆಯಿಂದ ಒಂದಕ್ಕೆ ಏರಿಸಿದೆ. ಬಲ್ಬಿನ ಪ್ರತಿಬಿಂಬ ಇದ್ದಲ್ಲೇ ಇದ್ದು, ಅದರ ಅಡಿಯಿಂದ ಮೆಸೇಜು ಮೇಲೆದ್ದು ಬಂತು. ಗಾಜು ವಾಪಸ್ ಗಾಜಾಯ್ತು.

ಬೆರಳು, ಚುಕ್ಕೆ, ಅಂಚು

ಕೂಡಿಸೋ ವಿಧಾನಕ್ಕೆ ತನ್ನದೇ ಬೆಲೆ ಇದೆ. ಹಸಿರಿದ್ರೆ ಬೆರಳನ್ನ ಬಣ್ಣದಿಂದ ಬೇರ್ಪಡಿಸಬಹುದಿತ್ತು, ಕಪ್ಪಿನಲ್ಲಿ ಕೈಯಿಂದಲೇ ಮಾಸ್ಕ್ ಬರೀಬೇಕು. ನಮಗೆ ಡಿಸ್‌ಪ್ಲೇಯ ಮೇಲೆ ಬೆರಳು ಇರೋದು 30 ಫ್ರೇಮ್ ಮಾತ್ರ. ಹೆಬ್ಬೆರಳಿನ ಸುತ್ತ ಎಂಟು ಬಿಂದುಗಳ ಒಂದು ಆಕಾರ ಬರೆದು, ಮೊದಲ ಫ್ರೇಮ್, ಕೊನೆಯ ಫ್ರೇಮ್, ನಡುವೆ ಬೆರಳು ದಿಕ್ಕು ಬದಲಿಸಿದ ಫ್ರೇಮ್, ಆಮೇಲೆ ಅವುಗಳ ನಡುವೆ ಎಲ್ಲಿ ಆಕಾರ ತಪ್ಪುತ್ತೋ ಅಲ್ಲಿ ಕೀ ಹಾಕಿದೆ. ಒಟ್ಟು ಏಳು ಕೀ. ಫ್ರೇಮ್ ಫ್ರೇಮ್‌ಗೂ ಕೀ ಹಾಕಿದ್ರೆ ಅಂಚು ಕುದಿಯೋ ನೀರಿನ ತರ ಅಲುಗಾಡುತ್ತೆ. ಮಾಸ್ಕ್ ಒಂದು ಪಿಕ್ಸೆಲ್ ಒಳಗೆ ಬಂದ್ರೂ ಇಲ್ಲಿ ಅಷ್ಟು ಎದ್ದು ಕಾಣಲ್ಲ, ಬೆರಳಿನ ಅಂಚಿಗೆ ಸ್ಕ್ರೀನಿನ ಬೆಳಕು ತಾಗಿದ ಹಾಗೆ ಕಾಣುತ್ತೆ. ನಿಜದಲ್ಲೂ ಹಾಗೇ ತಾಗುತ್ತೆ.

ಬೆಳಕು ಕೂಡಿಸೋದ್ರಿಂದ ಏನನ್ನೂ ಮುಚ್ಚೋಕೆ ಆಗಲ್ಲ ಅನ್ನೋದೂ ನೆನಪಿರಲಿ. ನಮ್ಮ ಬಿಳಿ ಚುಕ್ಕೆಗಳು ಪಟ್ಟಿಯ ಮೇಲೆ ಹಾಗೇ ಉಳಿದಿದ್ವು. ಅದೇ ಐದು ಟ್ರ್ಯಾಕ್‌ನಿಂದ, ಈ ಸಲ ಇಡೀ ಗಾಜಿನ ಅಳತೆಗೆ ಇನ್ನೊಂದು ಪ್ಲೇನ್ ಮಾಡಿ, ಚುಕ್ಕೆ ಇರೋ ಜಾಗಕ್ಕೆ ಅಕ್ಕಪಕ್ಕದ ಕಪ್ಪಿನದೇ ಬಣ್ಣದ, ಅಂಚು ಮಸುಕಾದ ತೇಪೆಗಳನ್ನ `Alpha Over` ಮಾಡಿದೆ. ಇದು ಮೆಸೇಜು ಕೂಡಿಸೋಕೆ ಮೊದಲು ಆಗಬೇಕು, ಇದಕ್ಕೂ ಬೆರಳಿನ ಮಾಸ್ಕ್ ಬೇಕು. ಮಾಸ್ಕ್ ಹಾಕೋದು ಮರೆತು ಒಂದು ಸಲ ರೆಂಡರ್ ಮಾಡಿದ್ದೆ, ಹೆಬ್ಬೆರಳಿನ ಮೇಲೆ ಕಪ್ಪು ಮಚ್ಚೆ ಬಂದಿತ್ತು.

ಕೊನೆಯದು ಮಸುಕು. ಕಂಪ್ಯೂಟರ್‌ನಲ್ಲಿ ಮಾಡಿದ ಅಕ್ಷರ ಕ್ಯಾಮೆರಾ ಹಿಡಿಯೋದಕ್ಕಿಂತ ಚೂಪಾಗಿರುತ್ತೆ. ಫೋನಿನ ಕವರ್ ಅಂಚು ಎಷ್ಟು ಮಸುಕಾಗಿದೆ ಅಂತ ನೋಡಿ, ಮೆಸೇಜಿಗೂ ಅಷ್ಟೇ ಒಂದು ಪಿಕ್ಸೆಲ್ ಬ್ಲರ್ ಕೊಟ್ಟೆ. ಕೈ ಅಲುಗಿದಾಗ ಬರೋ ಮಸುಕಿಗೆ `Plane Track Deform`ನಲ್ಲೇ `Motion Blur` ಇದೆ. ಅದರ `Shutter` ಬೆಲೆಯನ್ನ ಅಂದಾಜು ಮಾಡಬೇಕಾಗಿಲ್ಲ: 30 ಫ್ರೇಮ್, 1/50 ಶಟರ್ ಅಂದ್ರೆ ಪ್ರತಿ ಫ್ರೇಮ್‌ನ 30/50 ಭಾಗ ಶಟರ್ ತೆರೆದಿತ್ತು, ಹಾಗಾಗಿ 0.6. ಚಿತ್ರದ ಮೇಲಿನ ಕಾಳುಕಾಳು ನಾಯ್ಸ್ ಅನ್ನ ಬೇರೆ ಸೇರಿಸೋ ಅಗತ್ಯ ಹೆಚ್ಚು ಬರಲಿಲ್ಲ, `P` ಒಳಗೆ ಅದು ಮೊದಲೇ ಇತ್ತು.

ಎಲ್ಲಿ ಇದು ಸರಿಹೋಗಲ್ಲ

ಪಾತ್ರ ಎರಡೂ ಹೆಬ್ಬೆರಳಿನಲ್ಲಿ ಅರ್ಧ ನಿಮಿಷ ಟೈಪ್ ಮಾಡೋ ಶಾಟ್ ಆದ್ರೆ ಕೈಯಿಂದ ಮಾಸ್ಕ್ ಬರೆಯೋಕೆ ಪುರಸೊತ್ತು ಯಾರಿಗೂ ಇರಲ್ಲ. ಆಗ ಹಸಿರೇ ವಾಸಿ, ಆದರೆ ಬ್ರೈಟ್‌ನೆಸ್ ತೀರಾ ಕಡಿಮೆ ಇಟ್ಟು, ಬೆರಳಿನ ಮೇಲೆ ಹಸಿರು ಬೀಳದ ಹಾಗೆ ನೋಡಿಕೊಳ್ಳಬೇಕು. ಇನ್ನು ಕತ್ತಲ ಕೋಣೆಯಲ್ಲಿ ಮುಖ ಕಾಣೋ ಶಾಟ್ ಆದ್ರೆ, ಆಫ್ ಆಗಿರೋ ಫೋನಿನಿಂದ ಮುಖಕ್ಕೆ ಬೆಳಕು ಬೀಳಲ್ಲ. ಅದನ್ನ ಕಂಪ್ಯೂಟರ್‌ನಲ್ಲಿ ಹುಟ್ಟಿಸೋದು ಕಷ್ಟ. ಫ್ರೇಮ್‌ನ ಹೊರಗೆ ಇನ್ನೊಬ್ಬರು ಬಿಳಿ ಸ್ಕ್ರೀನಿನ ಫೋನ್ ಹಿಡಿದು, ಮೆಸೇಜು ಬರೋ ಕ್ಷಣಕ್ಕೆ ಅದನ್ನ ಮುಖದ ಕಡೆ ತಿರುಗಿಸಿದ್ರೆ ಆಯ್ತು. ಅದು ಗಾಜಿನಲ್ಲಿ ಪ್ರತಿಬಿಂಬವಾಗಿ ಕಾಣದ ಹಾಗೆ ನಿಲ್ಲಬೇಕು ಅಷ್ಟೇ.

ಎರಡನೇ ಕಟ್ ಅನ್ನ ಅದೇ ಹಾಸ್ಟೆಲ್ ರೂಮಿನಲ್ಲಿ ತೋರಿಸಿದ್ವಿ. ಮೆಟ್ಟಿಲ ಶಾಟ್ ಬಂದಾಗ ನಾನು ಸ್ಕ್ರೀನ್ ನೋಡ್ಲಿಲ್ಲ, ಜನರನ್ನ ನೋಡ್ತಿದ್ದೆ. ಯಾರೂ ನಗಲಿಲ್ಲ. ಮುಗಿದ ಮೇಲೆ ಒಬ್ಬ ಜೂನಿಯರ್ ಬಂದು ಕೇಳಿದ್ದು ಎಫೆಕ್ಟ್ ಬಗ್ಗೆ ಅಲ್ಲ. "ಅಣ್ಣ, ಮನೆ ಯಾಕೆ ಮಾರಿದ್ರು ಅಂತ ಕೊನೇವರೆಗೂ ಹೇಳೋದೇ ಇಲ್ವಾ?" ಅಂದ.